ಮೂರು ಅಕ್ಷ, ಎರಡು ಉತ್ತರ

1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದ ಕಪುಸ್ತಿನ್ ಯಾರ್ ಉಡಾವಣಾ ಕೇಂದ್ರದಿಂದ ಮೇಲೇರಿದ ಆರ್ಯಭಟ ಉಪಗ್ರಹವನ್ನು ಹಿಂದಿನ ತಲೆಮಾರಿನವರು ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿ ನೋಡಿರುತ್ತಾರೆ. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ, ಉಡುಪಿ ಬಳಿಯ ಅದಮಾರಿನವರಾದ ಯು. ಆರ್. ರಾವ್ ಅವರ ಮುಂದಾಳ್ತನದಲ್ಲಿ ಅದು ಸಿದ್ಧವಾಯಿತು. ತೂಕ ಸುಮಾರು 360 ಕಿಲೋ, ಅಡ್ಡಳತೆ ಸುಮಾರು 1.4 ಮೀಟರ್, ಮೈಗೆ 26 ಮುಖ. ದೂರದಿಂದ ನೋಡಿದರೆ ಚೆಂಡು, ಹತ್ತಿರದಿಂದ ನೋಡಿದರೆ ಪಟ್ಟಿ ಕೆತ್ತಿದ ಹರಳು. ಕಕ್ಷೆಯಲ್ಲಿ ಅದು ದಿಕ್ಕು ತಪ್ಪದಂತೆ ಇರಬೇಕಿತ್ತು. ಅದಕ್ಕೆ ಆರಿಸಿಕೊಂಡ ಉಪಾಯ ಹಳೆಯದು ಮತ್ತು ಅಗ್ಗದ್ದು: ಅದನ್ನು ತಿರುಗಿಸಿ ಬಿಡುವುದು. ತಣ್ಣನೆಯ ಅನಿಲದ ಸಣ್ಣ ಜೆಟ್‌ಗಳಿಂದ ಅದರ ವೇಗವನ್ನು ನಿಮಿಷಕ್ಕೆ 10ರಿಂದ 90 ಸುತ್ತುಗಳ ನಡುವೆ ಇಡುವ ಯೋಜನೆ ಅದು.

ತಿರುಗುವ ವಸ್ತು ತನ್ನ ಅಕ್ಷವನ್ನು ಬಿಡದೆ ಹಿಡಿದುಕೊಳ್ಳುತ್ತದೆ ಎಂದು ನಾವೆಲ್ಲ ಕಲಿತಿದ್ದೇವೆ. ಆದರೆ ಈ ಮಾತು ಅರ್ಧ ಮಾತ್ರ ನಿಜ. ವಸ್ತುವನ್ನು ಯಾವ ಅಕ್ಷದ ಸುತ್ತ ತಿರುಗಿಸಿದ್ದೇವೆ ಎಂಬುದರ ಮೇಲೆ ಅದು ಹಿಡಿದುಕೊಳ್ಳುತ್ತದೆಯೋ ಕೈಬಿಡುತ್ತದೆಯೋ ಎಂಬುದು ನಿಂತಿದೆ. ಈ ಪ್ರಶ್ನೆಗೆ ಹದಿನೆಂಟನೇ ಶತಮಾನದಲ್ಲಿ ಒಂದು ಉತ್ತರ ಸಿಕ್ಕಿತು. ಇಪ್ಪತ್ತನೇ ಶತಮಾನದಲ್ಲಿ, ಮೊದಲ ಉಪಗ್ರಹಗಳು ಹಾರಿದ ಮೇಲೆ, ಇನ್ನೊಂದು ಉತ್ತರ ಸಿಕ್ಕಿತು. ಎರಡೂ ಸರಿಯಾದವೇ. ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಿದವರು ಮಾತ್ರ ಪೆಟ್ಟು ತಿಂದಿದ್ದಾರೆ.

ಮೊದಲ ಉತ್ತರ ಲಿಯೊನಾರ್ಡ್ ಆಯ್ಲರ್ ಕೊಟ್ಟದ್ದು. ಯಾವುದೇ ಆಕಾರದ ಗಟ್ಟಿ ವಸ್ತುವನ್ನು ತೆಗೆದುಕೊಂಡರೂ ಅದರ ದ್ರವ್ಯಕೇಂದ್ರದ ಮೂಲಕ ಹಾದುಹೋಗುವ, ಒಂದಕ್ಕೊಂದು ಲಂಬವಾದ ಮೂರು ಅಕ್ಷಗಳು ಇದ್ದೇ ಇರುತ್ತವೆ. ಇವು ಪ್ರಧಾನ ಅಕ್ಷಗಳು. ಇವುಗಳಲ್ಲಿ ಒಂದರ ಸುತ್ತ ಕರಾರುವಾಕ್ಕಾಗಿ ತಿರುಗಿಸಿ ಬಿಟ್ಟರೆ, ಹೊರಗಿನಿಂದ ಯಾವ ತಿರುಚುಬಲವೂ ಇಲ್ಲದಿದ್ದಾಗ, ವಸ್ತು ಹಾಗೆಯೇ ತಿರುಗುತ್ತಿರುತ್ತದೆ. ಪ್ರತಿ ಅಕ್ಷಕ್ಕೂ ತನ್ನದೇ ಆದ ಜಡತ್ವ ಮಹತ್ವ ಇರುತ್ತದೆ. ಕಾಲೇಜಿನಲ್ಲಿ ಮೊಮೆಂಟ್ ಆಫ್ ಇನರ್ಷಿಯಾ ಎಂದು ಕಲಿಸುವುದು ಇದನ್ನೇ. ದ್ರವ್ಯ ಅಕ್ಷದಿಂದ ದೂರ ಹರಡಿದಷ್ಟೂ ಅದು ದೊಡ್ಡದು. ಕರಾರುವಾಕ್ಕಾಗಿ ತಿರುಗಿಸುವುದು ಯಾರ ಕೈಯಲ್ಲೂ ಆಗದು ಎಂಬಲ್ಲಿಂದ ನಿಜವಾದ ಪ್ರಶ್ನೆ ಶುರುವಾಗುತ್ತದೆ. ಒಂದು ಡಿಗ್ರಿಯಷ್ಟು ಓರೆಯಾದರೆ ಆ ಓರೆ ಅಷ್ಟಕ್ಕೇ ನಿಲ್ಲುತ್ತದೆಯೇ, ಬೆಳೆಯುತ್ತದೆಯೇ?

ಇದನ್ನು ನೋಡಲು ಕಕ್ಷೆಗೆ ಹೋಗಬೇಕಿಲ್ಲ. ಸಿಂಧನೂರು ತಾಲ್ಲೂಕಿನ ನಮ್ಮ ಸಾಲಗುಂದದಂಥ ಊರಿನ ಶಾಲೆಯಲ್ಲೂ ಬೇಕಾದ ಸಾಮಾನೆಲ್ಲ ಇದೆ: ಒಂದು ದಪ್ಪ ನೋಟ್‌ಬುಕ್, ಅದು ಬಿಚ್ಚಿಕೊಳ್ಳದಂತೆ ಬಿಗಿಯಲು ಎರಡು ರಬ್ಬರ್ ಬ್ಯಾಂಡ್. ಗಾಳಿಯಲ್ಲಿರುವಷ್ಟು ಹೊತ್ತು ಭೂಮಿಯ ಸೆಳೆತ ಪುಸ್ತಕದ ದ್ರವ್ಯಕೇಂದ್ರದ ಮೇಲೆ ಎಳೆದಂತೆ ಕೆಲಸ ಮಾಡುತ್ತದೆ, ಹಾಗಾಗಿ ಅದು ಪುಸ್ತಕವನ್ನು ಬೀಳಿಸುತ್ತದೆಯೇ ಹೊರತು ತಿರುಚುವುದಿಲ್ಲ. ಅಷ್ಟು ಹೊತ್ತು ನೋಟ್‌ಬುಕ್ಕೂ ಒಂದು ಉಪಗ್ರಹವೇ.

ಅದರ ಉದ್ದ 24, ಅಗಲ 18, ದಪ್ಪ 2 ಸೆಂಟಿಮೀಟರ್ ಎಂದುಕೊಳ್ಳೋಣ. ಉದ್ದದ ಅಕ್ಷದ ಸುತ್ತ ತಿರುಗಿಸಿದರೆ ಜಡತ್ವ ಮಹತ್ವಕ್ಕೆ ಅಗಲ ಮತ್ತು ದಪ್ಪ ಮಾತ್ರ ಲೆಕ್ಕಕ್ಕೆ ಬರುತ್ತವೆ: 18ರ ವರ್ಗ ಕೂಡಿಸು 2ರ ವರ್ಗ, 328. ಅಗಲದ ಅಕ್ಷಕ್ಕೆ 24ರ ವರ್ಗ ಕೂಡಿಸು 2ರ ವರ್ಗ, 580. ದಪ್ಪದ ಅಕ್ಷಕ್ಕೆ, ಅಂದರೆ ಮುಖಪುಟ ಮೇಲೆಯೇ ಇರುವಂತೆ ಚಪ್ಪಟೆಯಾಗಿ ತಿರುಗುವಾಗ, 24ರ ವರ್ಗ ಕೂಡಿಸು 18ರ ವರ್ಗ, 900. ತೂಕವನ್ನೂ ಹನ್ನೆರಡರ ಭಾಗಾಕಾರವನ್ನೂ ಮೂರಕ್ಕೂ ಸಮಾನವಾಗಿ ಬಿಟ್ಟಿದ್ದೇನೆ, ನಮಗೆ ಬೇಕಿರುವುದು ಅನುಪಾತ ಮಾತ್ರ. ಉದ್ದದ ಅಕ್ಷ ಕನಿಷ್ಠ, ದಪ್ಪದ ಅಕ್ಷ ಗರಿಷ್ಠ, ಅಗಲದ ಅಕ್ಷ ನಡುವಿನದು.

ಉದ್ದದ ಅಕ್ಷದ ಸುತ್ತ ತಿರುಗಿಸಿ ಮೇಲೆಸೆದರೆ ಪುಸ್ತಕ ನೆಟ್ಟಗೆ ತಿರುಗಿ ಕೈಗೆ ಬರುತ್ತದೆ. ಚಪ್ಪಟೆಯಾಗಿ ತಿರುಗಿಸಿದರೂ ಅಷ್ಟೇ, ತುಸು ಓಲಾಡಬಹುದು, ಆ ಓಲಾಟ ಬೆಳೆಯುವುದಿಲ್ಲ. ಇನ್ನು ಮೂರನೆಯದು: ಮುಖಪುಟ ಮೇಲಿರುವಂತೆ ಕೆಳ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ದೂರದ ಅಂಚು ಮೇಲೆದ್ದು ನಮ್ಮ ಕಡೆಗೆ ಮಗುಚಿ ಬರುವಂತೆ ಎಸೆಯುವುದು. ಒಂದು ಪೂರ್ತಿ ಸುತ್ತು ಹೊಡೆದು ಅದು ಕೈಗೆ ಬಂದಾಗ ಹಿಂಬದಿ ಮೇಲಾಗಿರುತ್ತದೆ. ಯಾರೂ ಪಕ್ಕಕ್ಕೆ ತಿರುಚದಿದ್ದರೂ ದಾರಿಯಲ್ಲಿ ಅದು ಅರ್ಧ ಸುತ್ತು ಪಕ್ಕಕ್ಕೆ ತಿರುಚಿಕೊಂಡಿದೆ. ಟೆನಿಸ್ ರ‍್ಯಾಕೆಟ್ಟನ್ನು ಎಸೆದಾಗಲೂ ಹೀಗೇ ಆಗುತ್ತದೆ. ಅದು ಹೆಚ್ಚುಕಡಿಮೆ ಸರಿಯಾಗಿ ಅರ್ಧ ಸುತ್ತೇ ಏಕೆ ತಿರುಚುತ್ತದೆ ಎಂಬುದನ್ನು 1991ರಲ್ಲಿ ಆಶ್‌ಬಾ, ಚಿಕೋನ್ ಮತ್ತು ಕುಶ್‌ಮನ್ ಎಂಬ ಗಣಿತಜ್ಞರು ಬಿಡಿಸಿ ತೋರಿಸಿದರು.

ಓರೆ ಎಷ್ಟು ಬೇಗ ಬೆಳೆಯುತ್ತದೆ ಎಂಬುದನ್ನು ಆಯ್ಲರನ ಸಮೀಕರಣಗಳಿಂದ ಲೆಕ್ಕ ಹಾಕಬಹುದು. ತಿರುಗುವ ವೇಗ Ω, ಮೂರು ಜಡತ್ವ ಮಹತ್ವಗಳು ಏರಿಕೆಯ ಕ್ರಮದಲ್ಲಿ I₁, I₂, I₃ ಆದರೆ, ನಡುವಿನ ಅಕ್ಷದ ಸುತ್ತ ಓರೆ ಬೆಳೆಯುವ ದರ ಹೀಗಿದೆ:

λ = Ω √[ (I₂ − I₁)(I₃ − I₂) / (I₁ I₃) ]

ನಮ್ಮ ಪುಸ್ತಕದ ಸಂಖ್ಯೆಗಳನ್ನು ಹಾಕಿದರೆ ವರ್ಗಮೂಲದ ಬೆಲೆ ಸುಮಾರು 0.52. ಅಂದರೆ ಒಂದು ಸುತ್ತು ಮುಗಿಯುವಷ್ಟರಲ್ಲಿ ಓರೆಯ ಬೆಳೆಯುವ ಭಾಗ ಸುಮಾರು 27 ಪಟ್ಟಾಗುತ್ತದೆ. ಒಂದು ಡಿಗ್ರಿ ತಪ್ಪಿ ಎಸೆದರೆ ಒಂದು ಸುತ್ತಿನಲ್ಲಿ ಅದು ಇಪ್ಪತ್ತು ಡಿಗ್ರಿಯ ಆಸುಪಾಸಿಗೆ ಬರುತ್ತದೆ, ಅಲ್ಲಿಂದಾಚೆ ಪುಸ್ತಕ ಮಗುಚಿದಂತೆಯೇ. ಕೈ ಎಷ್ಟೇ ಪಳಗಿದರೂ ಇದರಿಂದ ತಪ್ಪಿಸಿಕೊಳ್ಳಲಾಗದು. ತಪ್ಪನ್ನು ಹತ್ತನೇ ಒಂದಕ್ಕೆ ಇಳಿಸಿದರೂ ಮಗುಚುವಿಕೆ ಮುಂದೆ ಹೋಗುವುದು ಮುಕ್ಕಾಲು ಸುತ್ತಿಗಿಂತ ಕಡಿಮೆ. ಇದೇ ಸೂತ್ರದಲ್ಲಿ ಇನ್ನೊಂದು ಪರೀಕ್ಷೆಯೂ ಅಡಗಿದೆ. ಉದ್ದ ಅಗಲ ಸಮನಾದ ಚೌಕ ಹಲಗೆಯಲ್ಲಿ I₁ ಮತ್ತು I₂ ಒಂದೇ, ಆಗ λ ಸೊನ್ನೆ. ಚೌಕ ಹಲಗೆ ಹೀಗೆ ಮಗುಚಬಾರದು. ಎಸೆದು ನೋಡಿದರೆ ಮಗುಚುವುದೂ ಇಲ್ಲ. ಪುಸ್ತಕದ ಮಗುಚುವಿಕೆಗೆ ಗಾಳಿ ಕಾರಣವಿರಬಹುದೇ ಎಂದು ಅನುಮಾನ ಪಡುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ, ಏಕೆಂದರೆ ಗಾಳಿ ಎರಡಕ್ಕೂ ಒಂದೇ.

ಸೂತ್ರ ಎಷ್ಟು ಎಂದು ಹೇಳುತ್ತದೆ, ಏಕೆ ಎಂದು ಹೇಳುವುದಿಲ್ಲ. ಅದನ್ನು ಕಣ್ಣಿಗೆ ಕಟ್ಟುವಂತೆ ಮಾಡಿದವನು ಫ್ರಾನ್ಸಿನ ಲೂಯಿ ಪುಆಂಸೊ, 1834ರಲ್ಲಿ. ತಿರುಚುಬಲ ಇಲ್ಲದಿದ್ದರೆ ಎರಡು ಸಂಗತಿಗಳು ಬದಲಾಗುವುದಿಲ್ಲ: ಕೋನೀಯ ಸಂವೇಗ ಮತ್ತು ತಿರುಗುವಿಕೆಯ ಶಕ್ತಿ. ಒಂದೇ ಮೊತ್ತದ ಕೋನೀಯ ಸಂವೇಗವನ್ನು ಇಟ್ಟುಕೊಂಡು ವಸ್ತು ಬೇರೆ ಬೇರೆ ಅಕ್ಷಗಳ ಸುತ್ತ ತಿರುಗಬಹುದು, ಆದರೆ ಪ್ರತಿಯೊಂದಕ್ಕೂ ತಗಲುವ ಶಕ್ತಿ ಬೇರೆ. ಶಕ್ತಿ ಎಂದರೆ ಸಂವೇಗದ ವರ್ಗವನ್ನು ಜಡತ್ವ ಮಹತ್ವದ ಎರಡರಷ್ಟರಿಂದ ಭಾಗಿಸಿದ್ದು. ಹಾಗಾಗಿ ಕನಿಷ್ಠ ಅಕ್ಷದ ಸುತ್ತ ತಿರುಗುವಾಗ ಶಕ್ತಿ ಅತಿ ಹೆಚ್ಚು, ಗರಿಷ್ಠ ಅಕ್ಷದ ಸುತ್ತ ತಿರುಗುವಾಗ ಅತಿ ಕಡಿಮೆ. ಇದನ್ನು ಒಂದು ನೆಲದ ಏರಿಳಿತದಂತೆ ನೋಡಿದರೆ ಕನಿಷ್ಠ ಅಕ್ಷ ಬೆಟ್ಟದ ತುದಿ, ಗರಿಷ್ಠ ಅಕ್ಷ ತಗ್ಗಿನ ತಳ, ನಡುವಿನ ಅಕ್ಷ ಎರಡು ಬೆಟ್ಟಗಳ ನಡುವೆ ರಸ್ತೆ ದಾಟುವ ಕಣಿವೆಯ ನೆತ್ತಿ. ಶಕ್ತಿ ಬದಲಾಗದು ಎಂದರೆ ಒಂದೇ ಎತ್ತರದ ಗೆರೆಯ ಮೇಲೆಯೇ ನಡೆಯಬೇಕು ಎಂದರ್ಥ. ತುದಿಯ ಸುತ್ತಲಿನ ಅಂಥ ಗೆರೆ ಸಣ್ಣ ಉಂಗುರ, ತಳದ ಸುತ್ತಲಿನದೂ ಸಣ್ಣ ಉಂಗುರ. ಅಲ್ಲಿ ಓರೆ ಹುಟ್ಟಿದರೆ ವಸ್ತು ಆ ಉಂಗುರದಲ್ಲೇ ಸುತ್ತುತ್ತ ಓಲಾಡುತ್ತದೆ. ಕಣಿವೆಯ ನೆತ್ತಿಯ ಬಳಿ ಹಾದುಹೋಗುವ ಗೆರೆ ಮಾತ್ರ ಮುಚ್ಚಿಕೊಳ್ಳದೆ ದೂರ ಸಾಗಿ, ಬೆಟ್ಟವನ್ನೋ ತಗ್ಗನ್ನೋ ಬಳಸಿಕೊಂಡು ಆಚೆ ಬದಿಗೆ ತಲುಪುತ್ತದೆ. ಆಚೆ ಬದಿ ಎಂದರೆ ಮಗುಚಿದ ಸ್ಥಿತಿ.

1985ರಲ್ಲಿ ಸಲ್ಯೂಟ್-7 ನಿಲ್ದಾಣದಲ್ಲಿದ್ದ ಸೋವಿಯತ್ ಗಗನಯಾನಿ ವ್ಲಾದಿಮಿರ್ ಜಾನಿಬೆಕೋವ್ ಕಂಡದ್ದೂ ಇದನ್ನೇ. ಬೋಲ್ಟಿನಿಂದ ತಿರುಗುತ್ತ ಕಳಚಿಕೊಂಡು ತೇಲಿಹೋದ ರೆಕ್ಕೆಯ ನಟ್ಟು ಸ್ವಲ್ಪ ಹೊತ್ತು ನೆಟ್ಟಗೆ ಸಾಗಿ, ಹಠಾತ್ತನೆ ಮಗುಚಿ, ಮತ್ತೆ ನೆಟ್ಟಗೆ ಸಾಗಿ, ಮತ್ತೆ ಮಗುಚುತ್ತಿತ್ತು. ಅದು ಅಷ್ಟು ಹೊತ್ತು ಸುಮ್ಮನಿದ್ದು ಥಟ್ಟನೆ ಹೊರಳುವುದಕ್ಕೆ ಕಾರಣ ಪುಸ್ತಕದ ಲೆಕ್ಕದಲ್ಲೇ ಇದೆ: ತೀರ ಸಣ್ಣ ಓರೆ ಗುಣಾಕಾರದಲ್ಲಿ ಬೆಳೆಯುವಾಗ ಮೊದಲ ಹಲವು ಸುತ್ತು ಕಣ್ಣಿಗೆ ಬೀಳುವುದಿಲ್ಲ. ಈ ವಿಡಿಯೊಗಳನ್ನು ತೋರಿಸಿ ಭೂಮಿಯೂ ಒಂದು ದಿನ ಹೀಗೆ ಮಗುಚುತ್ತದೆ ಎಂದು ಹೆದರಿಸುವವರಿದ್ದಾರೆ. ಅದು ಬರೀ ಸುಳ್ಳು. ನಟ್ಟು ತಿರುಗುತ್ತಿದ್ದದ್ದು ನಡುವಿನ ಅಕ್ಷದ ಸುತ್ತ, ಭೂಮಿ ತಿರುಗುತ್ತಿರುವುದು ಗರಿಷ್ಠ ಅಕ್ಷದ ಸುತ್ತ. ನಟ್ಟು ಮಗುಚಿದಾಗಲೂ ಅದರ ಕೋನೀಯ ಸಂವೇಗದ ದಿಕ್ಕು ಕೂದಲೆಳೆಯಷ್ಟೂ ಬದಲಾಗಿರಲಿಲ್ಲ, ಮಗುಚಿದ್ದು ಮೈ ಮಾತ್ರ.

ಇಲ್ಲಿಗೆ ಮೊದಲ ಉತ್ತರ ಮುಗಿಯಿತು: ಕನಿಷ್ಠ ಮತ್ತು ಗರಿಷ್ಠ ಅಕ್ಷ ಭದ್ರ, ನಡುವಿನದು ಅಭದ್ರ. ಹೆಚ್ಚಿನ ತರಗತಿಗಳಲ್ಲಿ ಪಾಠವೂ ಇಲ್ಲಿಗೇ ನಿಲ್ಲುತ್ತದೆ. ನನ್ನ ಮಟ್ಟಿಗೆ ವಿಷಯ ನಿಜವಾಗಿ ಬಿಸಿಯೇರುವುದು ಇದರ ನಂತರ.

1958ರ ಜನವರಿ 31ರಂದು ಅಮೆರಿಕ ತನ್ನ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್-1 ಅನ್ನು ಹಾರಿಸಿತು. ಅದು ಎರಡು ಮೀಟರ್ ಉದ್ದ, ಹದಿನೈದು ಸೆಂಟಿಮೀಟರ್ ಅಡ್ಡಳತೆಯ ಕೊಳವೆ, ತೂಕ ಸುಮಾರು 14 ಕಿಲೋ. ರಾಕೆಟ್ಟಿನ ಮೇಲಿನ ಹಂತಗಳನ್ನು ತಿರುಗಿಸಿಯೇ ನೆಟ್ಟಗೆ ಇಟ್ಟಿದ್ದರಿಂದ ಉಪಗ್ರಹವೂ ಉದ್ದದ ಅಕ್ಷದ ಸುತ್ತ ನಿಮಿಷಕ್ಕೆ ಸುಮಾರು 750 ಸುತ್ತು ತಿರುಗುತ್ತಿತ್ತು. ಕನಿಷ್ಠ ಅಕ್ಷ, ಆಯ್ಲರನ ಪ್ರಕಾರ ಭದ್ರ. ಆದರೆ ಕೆಲವೇ ಗಂಟೆಗಳಲ್ಲಿ ಅದು ಉದ್ದಕ್ಕೆ ತಿರುಗುವುದನ್ನು ಬಿಟ್ಟು ಅಡ್ಡಡ್ಡಲಾಗಿ ಲಾಗ ಹಾಕತೊಡಗಿತ್ತು. ಅದರ ರೇಡಿಯೊ ಸಂಕೇತ ಕ್ರಮವಾಗಿ ಏರಿ ಇಳಿಯತೊಡಗಿದ್ದೇ ಇದರ ಗುರುತು.

ತಪ್ಪಿತಸ್ಥರು ಅದರ ಸೊಂಟದಿಂದ ಚಾಚಿದ್ದ ನಾಲ್ಕು ಬಳುಕುವ ತಂತಿ ಆಂಟೆನಾಗಳು. ಸಣ್ಣ ಓಲಾಟವಿದ್ದಾಗ ಅವು ಪ್ರತಿ ಸುತ್ತಿಗೂ ಅತ್ತಿತ್ತ ಬಾಗುತ್ತವೆ, ಬಾಗಿದಾಗಲೆಲ್ಲ ಲೋಹದೊಳಗೆ ತುಸು ಶಾಖ ಹುಟ್ಟುತ್ತದೆ. ಆ ಶಾಖ ಬರುವುದು ತಿರುಗುವಿಕೆಯ ಶಕ್ತಿಯಿಂದಲೇ. ಕೋನೀಯ ಸಂವೇಗವನ್ನು ಹೊರಗಿನ ತಿರುಚುಬಲವಿಲ್ಲದೆ ಕಡಿಮೆ ಮಾಡಲಾಗದು, ಶಕ್ತಿಯನ್ನು ಒಳಗಿನ ಬಳುಕಾಟವೇ ಕರಗಿಸಬಲ್ಲದು. ಅಂದರೆ ವಸ್ತು ಇನ್ನು ಒಂದೇ ಎತ್ತರದ ಗೆರೆಯಲ್ಲಿಲ್ಲ, ಇಳಿಯುತ್ತಿದೆ. ಬೆಟ್ಟದ ತುದಿಯಲ್ಲಿದ್ದದ್ದಕ್ಕೆ ಇಳಿಯಲು ಎಲ್ಲ ದಿಕ್ಕೂ ಇದೆ, ತಳ ಮುಟ್ಟುವ ತನಕ ನಿಲ್ಲಲು ಜಾಗವಿಲ್ಲ.

ಉಪಗ್ರಹವನ್ನು ಒಳಗೂ ಏಕರೂಪವಾಗಿ ತುಂಬಿದ ಗಟ್ಟಿ ಸಿಲಿಂಡರ್ ಎಂದು ಅಂದಾಜಿಸಿದರೆ ಅಡ್ಡ ಅಕ್ಷದ ಜಡತ್ವ ಮಹತ್ವ ಉದ್ದದ ಅಕ್ಷದ್ದಕ್ಕಿಂತ ಸುಮಾರು 120 ಪಟ್ಟು ದೊಡ್ಡದು. ಸಂವೇಗ ಅಷ್ಟೇ ಇರಬೇಕಾದ್ದರಿಂದ 750 ಸುತ್ತಿನ ವೇಗ ಕೊನೆಗೆ ಆರು ಸುತ್ತಿನ ಆಸುಪಾಸಿಗೆ ಇಳಿಯುತ್ತದೆ, ಶಕ್ತಿಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಶಾಖವಾಗಿ ಹೋಗುತ್ತದೆ. ಕೇಳಲು ದೊಡ್ಡದಾಗಿ ಕಂಡರೂ ಆ ಶಕ್ತಿ ಒಟ್ಟು 125 ಜೂಲ್‌ನಷ್ಟು, ಮೂವತ್ತು ಮಿಲಿಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡುವಷ್ಟು ಮಾತ್ರ. ಇಷ್ಟು ಸಣ್ಣ ಶಾಖ ಸೋರಿದ್ದಕ್ಕೆ ಒಂದು ದೇಶದ ಮೊದಲ ಉಪಗ್ರಹ ಮಗುಚಿತು. ಸ್ಟ್ಯಾನ್‌ಫರ್ಡ್‌ನ ರೇಡಿಯೊ ಖಗೋಳಜ್ಞ ರೊನಾಲ್ಡ್ ಬ್ರೇಸ್‌ವೆಲ್ ಮತ್ತು ಓವೆನ್ ಗ್ಯಾರಿಯಟ್ ಅದೇ ವರ್ಷ ‘ನೇಚರ್’ ಪತ್ರಿಕೆಯಲ್ಲಿ ಇದರ ಮರ್ಮವನ್ನು ಬರೆದರು. ಹೀಗೆ ಎರಡನೇ ಉತ್ತರ ಎಂಜಿನಿಯರರ ಕೈಗೆ ಬಂತು: ಶಕ್ತಿ ಸೋರುವ ನಿಜವಾದ ವಸ್ತುವಿಗೆ ದೀರ್ಘಕಾಲದಲ್ಲಿ ಭದ್ರವಾದದ್ದು ಗರಿಷ್ಠ ಅಕ್ಷ ಒಂದೇ.

ಪೀಣ್ಯದಲ್ಲಿ ಕೆಲಸ ಶುರುವಾದಾಗ ಈ ಪಾಠಕ್ಕೆ ಹತ್ತು ವರ್ಷ ದಾಟಿತ್ತು. ಆರ್ಯಭಟದ ಚೆಂಡಿನಂಥ ಮೈಗೆ ಸೌರಕೋಶ ಹೊದಿಸುವುದು ಸುಲಭ, ಯಾವ ಕಡೆ ತಿರುಗಿದರೂ ಬಿಸಿಲು ಸಿಗುತ್ತದೆ. ಆದರೆ ತಿರುಗುವಿಕೆಯ ದೃಷ್ಟಿಯಿಂದ ಚೆಂಡು ಕಷ್ಟದ ಆಕಾರ. ಪೂರ್ಣ ಗೋಲಕ್ಕೆ ಮೂರೂ ಜಡತ್ವ ಮಹತ್ವಗಳು ಸಮ, ಅದಕ್ಕೆ ತುದಿಯೂ ಇಲ್ಲ ತಳವೂ ಇಲ್ಲ. ಇಂಥ ಮೈಯ ಉಪಗ್ರಹದಲ್ಲಿ ಗರಿಷ್ಠ ಅಕ್ಷವನ್ನು ಹೊರಗಿನ ಆಕಾರ ಕೊಡುವುದಿಲ್ಲ, ಒಳಗಿನ ಜೋಡಣೆ ಕೊಡಬೇಕು. ಬ್ಯಾಟರಿ, ಅನಿಲದ ಗುಂಡುಗಳು, ಉಪಕರಣಗಳ ಪೆಟ್ಟಿಗೆಗಳಂಥ ಭಾರದ ಸಾಮಾನನ್ನು ತಿರುಗುವ ಅಕ್ಷದಿಂದ ದೂರಕ್ಕೆ, ನಡುಪಟ್ಟಿಯ ಸುತ್ತ ಹಂಚಬೇಕು. ಆಮೇಲೆ ತಿರುಗುಮೇಜಿನ ಮೇಲಿಟ್ಟು ಅಳೆದು, ಸಣ್ಣ ತೂಕಗಳನ್ನು ಸೇರಿಸಿ, ಪ್ರಧಾನ ಅಕ್ಷ ಬೇಕಾದ ಗೆರೆಗೇ ಬರುವಂತೆ ಸರಿಪಡಿಸಬೇಕು.

ಉದಾಹರಣೆಗೆ ಒಂದು ಉಪಗ್ರಹದಲ್ಲಿ ತಿರುಗುವ ಅಕ್ಷದ ಜಡತ್ವ ಮಹತ್ವ ಅಡ್ಡ ಅಕ್ಷಗಳದ್ದಕ್ಕಿಂತ ನೂರಕ್ಕೆ ಐದರಷ್ಟೇ ಹೆಚ್ಚು ಎಂದುಕೊಳ್ಳಿ. ಆಗ ಮೈಯೊಳಗೆ ಕುಳಿತು ನೋಡಿದರೆ ಓಲಾಟದ ವೇಗ ತಿರುಗುವ ವೇಗದ ಇಪ್ಪತ್ತನೇ ಒಂದು ಪಾಲು. ನಿಮಿಷಕ್ಕೆ ಹತ್ತು ಸುತ್ತು ತಿರುಗುವಾಗ ಒಂದು ಓಲಾಟಕ್ಕೆ ಎರಡು ನಿಮಿಷ ಬೇಕು. ಇಷ್ಟು ನಿಧಾನದ ಓಲಾಟವನ್ನು ತಾನಾಗಿಯೇ ಬೇಗ ಕರಗಿಸುವ ಸಾಧನ ಮೈಯಲ್ಲಿ ಇರುವುದಿಲ್ಲ. ಅದಕ್ಕೆ ಓಲಾಟ ತಗ್ಗಿಸುವ ಡ್ಯಾಂಪರ್ ಎಂಬುದನ್ನು ಬೇಕೆಂದೇ ಇಡುತ್ತಾರೆ: ದ್ರವ ತುಂಬಿದ ಬಾಗಿದ ಕೊಳವೆ, ಅಥವಾ ಕೊಳವೆಯಲ್ಲಿ ಉರುಳುವ ಗುಂಡು. ಓಲಾಟವಿದ್ದಾಗ ಮಾತ್ರ ಅದು ಅಲ್ಲಾಡಿ ಶಕ್ತಿಯನ್ನು ಶಾಖವಾಗಿಸುತ್ತದೆ. ಗಮನಿಸಬೇಕಾದದ್ದು ಇದು: ಅಕ್ಷ ಗರಿಷ್ಠದ್ದಾಗಿದ್ದರೆ ಈ ಡ್ಯಾಂಪರ್ ಕಾಪಾಡುತ್ತದೆ, ಅನುಪಾತ ಒಂದಕ್ಕಿಂತ ಸ್ವಲ್ಪ ಕೆಳಗೆ ಜಾರಿದ್ದರೆ ಅದೇ ಡ್ಯಾಂಪರ್ ಉಪಗ್ರಹವನ್ನು ಬೇಗ ಮಗುಚಿಸುತ್ತದೆ. ಎಕ್ಸ್‌ಪ್ಲೋರರ್‌ನ ಆಂಟೆನಾಗಳು ಮಾಡಿದ್ದು ಡ್ಯಾಂಪರ್ ಕೆಲಸವನ್ನೇ, ತಪ್ಪು ಅಕ್ಷದ ಮೇಲೆ.

ಆರ್ಯಭಟದ ಪ್ರಯೋಗಗಳು ನಿಂತದ್ದು ಕೆಲವೇ ದಿನಗಳಲ್ಲಿ ಕಾಣಿಸಿಕೊಂಡ ವಿದ್ಯುತ್ ಪೂರೈಕೆಯ ದೋಷದಿಂದ. ಅದರ ಒಡಲು ಮಾತ್ರ 1992ರ ಫೆಬ್ರವರಿಯಲ್ಲಿ ವಾತಾವರಣಕ್ಕೆ ಇಳಿಯುವ ತನಕ ಕಕ್ಷೆಯಲ್ಲೇ ಇತ್ತು. 1979 ಮತ್ತು 1981ರ ಭಾಸ್ಕರ ಉಪಗ್ರಹಗಳೂ ತಿರುಗುತ್ತಲೇ ದಿಕ್ಕು ಕಾಯ್ದವು. 1988ರ ಐಆರ್‌ಎಸ್-1ಎ ಹೊತ್ತಿಗೆ, ಕ್ಯಾಮೆರಾ ಸದಾ ನೆಲವನ್ನೇ ನೋಡುತ್ತಿರಬೇಕಾದ್ದರಿಂದ, ಮೈ ತಿರುಗಿಸದೆ ಒಳಗಿನ ಚಕ್ರಗಳನ್ನು ತಿರುಗಿಸುವ ವಿಧಾನ ಬಂದಿತ್ತು.

ಪಾಠ ಗೊತ್ತಿದ್ದವರೂ ಎಡವಿದ್ದಾರೆ. 1969ರ ಆಗಸ್ಟ್‌ನಲ್ಲಿ ನಾಸಾ ಹಾರಿಸಿದ ಎಟಿಎಸ್-5 ಆರಂಭದಲ್ಲಿ, ಅದಕ್ಕೆ ಅಂಟಿದ್ದ ಮೋಟರ್ ಕಳಚುವ ತನಕ, ಕನಿಷ್ಠ ಅಕ್ಷದ ಸುತ್ತ ತಿರುಗಬೇಕಿತ್ತು. ಸ್ವಲ್ಪ ಹೊತ್ತಿನ ಮಾತು, ಅಷ್ಟರಲ್ಲಿ ಓಲಾಟ ಬೆಳೆಯದು ಎಂಬ ಲೆಕ್ಕ. ಶಾಖ ಸಾಗಿಸಲು ಇಟ್ಟಿದ್ದ ಕೊಳವೆಗಳಲ್ಲಿನ ದ್ರವ ಅಂದಾಜಿಗಿಂತ ಬಹಳ ಬೇಗ ಶಕ್ತಿಯನ್ನು ಕರಗಿಸಿತು, ಉಪಗ್ರಹ ಅಡ್ಡ ಬಿತ್ತು. ಮೋಟರನ್ನು ಕಳಚಿದ ಮೇಲೆ ಬೇಕಾದ ಅಕ್ಷವೇ ಗರಿಷ್ಠವಾಯಿತು, ಉಪಗ್ರಹ ತಾನಾಗಿ ಆ ಅಕ್ಷಕ್ಕೆ ಮರಳಿತು, ಆದರೆ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತ. ತಿರುಗುವಿಕೆಯನ್ನು ನಿಲ್ಲಿಸಲು ಇಟ್ಟಿದ್ದ ವ್ಯವಸ್ಥೆ ಒಂದೇ ದಿಕ್ಕಿಗೆ ಕೆಲಸ ಮಾಡುವಂಥದ್ದು. ಮುಖ್ಯ ಪ್ರಯೋಗವೇ ಕೈತಪ್ಪಿತು. ಶಕ್ತಿ ಸೋರಿದರೆ ಕೊನೆಗೆ ಯಾವ ಅಕ್ಷ ಎಂಬುದು ಖಚಿತ, ಆ ಅಕ್ಷದ ಯಾವ ತುದಿ ಮೇಲೆ ಎಂಬುದು ಖಚಿತವಲ್ಲ. ನೆಲದ ಏರಿಳಿತದಲ್ಲಿ ತಗ್ಗುಗಳು ಎರಡಿವೆ, ಕಣಿವೆ ದಾಟುವ ಕ್ಷಣದ ಸೂಕ್ಷ್ಮ ವ್ಯತ್ಯಾಸವೇ ಯಾವುದಕ್ಕೆ ಎಂದು ತೀರ್ಮಾನಿಸುತ್ತದೆ.

ನಿಯಮಕ್ಕೆ ಜಾಣತನದ ಒಂದು ವಿನಾಯಿತಿಯೂ ಇದೆ. ಉಪಗ್ರಹದ ಒಂದು ಭಾಗ ತಿರುಗುತ್ತ, ಆಂಟೆನಾ ಹೊತ್ತ ಇನ್ನೊಂದು ಭಾಗ ತಿರುಗದೆ ನಿಂತಿದ್ದರೆ, ಡ್ಯಾಂಪರನ್ನು ತಿರುಗದ ಭಾಗದಲ್ಲಿಟ್ಟು ಉದ್ದನೆಯ ಮೈಯನ್ನೂ ಕನಿಷ್ಠ ಅಕ್ಷದ ಸುತ್ತ ಭದ್ರವಾಗಿ ಇಡಬಹುದು. ಅದೇ 1969ರಲ್ಲಿ ಹಾರಿದ ಟ್ಯಾಕ್‌ಸ್ಯಾಟ್ ಇದನ್ನು ಸಾಧಿಸಿ ತೋರಿಸಿತು.

ಭೂಮಿಯ ವಿಷಯದಲ್ಲಿ ಎರಡೂ ಉತ್ತರಗಳು ಒಂದೇ ಕಡೆಗಿವೆ. ಸಮಭಾಜಕದ ಬಳಿ ಉಬ್ಬಿರುವುದರಿಂದ ಧ್ರುವಗಳ ಅಕ್ಷವೇ ಗರಿಷ್ಠ, ವ್ಯತ್ಯಾಸ ಸುಮಾರು 305ರಲ್ಲಿ ಒಂದು ಪಾಲು. ಹಾಗಾಗಿ ಭೂಮಿ ಪೂರ್ತಿ ಗಟ್ಟಿಯಾಗಿದ್ದರೆ ಅದರ ಓಲಾಟಕ್ಕೆ ಸುಮಾರು 305 ದಿನ ಹಿಡಿಯಬೇಕು ಎಂಬುದು ಆಯ್ಲರನ ಲೆಕ್ಕ. 1891ರಲ್ಲಿ ಸೆತ್ ಚಾಂಡ್ಲರ್ ಆ ಓಲಾಟವನ್ನು ನಿಜವಾಗಿ ಕಂಡುಹಿಡಿದಾಗ ಅದರ ಅವಧಿ ಸುಮಾರು ಹದಿನಾಲ್ಕು ತಿಂಗಳೆಂದು ತಿಳಿಯಿತು. ಭೂಮಿಯ ಮೈ ಬಳುಕುವುದೂ ಸಮುದ್ರ ಸ್ಥಳ ಬದಲಿಸುವುದೂ ಈ ಅಂತರಕ್ಕೆ ಕಾರಣವೆಂದು ಸೈಮನ್ ನ್ಯೂಕಂಬ್ ವಿವರಿಸಿದರು. ಹೀಗೆ ನಾವು ಇಡೀ ಗ್ರಹ ಎಷ್ಟು ಬಳುಕುತ್ತದೆ ಎಂಬುದನ್ನು ಅದರ ಓಲಾಟದಿಂದ ಅಳೆದೆವು.

ಪಿಯುಸಿಯಲ್ಲಿ ದೃಢಕಾಯಗಳ ಪಾಠ ಮಾಡುವ ಅಧ್ಯಾಪಕರಲ್ಲಿ ಒಂದು ಕೋರಿಕೆ. ನೋಟ್‌ಬುಕ್ ಎಸೆದು ತೋರಿಸಿ, ಅದರ ಅಳತೆ ಹಾಕಿಸಿ λ ಲೆಕ್ಕ ಮಾಡಿಸಿ, ಚೌಕ ಹಲಗೆಯನ್ನೂ ಎಸೆಯಿಸಿ. ಆದರೆ ಕನಿಷ್ಠ ಅಕ್ಷವೂ ಭದ್ರ ಎಂದು ಬೋರ್ಡಿನ ಮೇಲೆ ಬರೆದಾಗ ಅದರ ಮುಂದೆ ‘ಶಕ್ತಿ ಸೋರದಿದ್ದರೆ’ ಎಂದೂ ಬರೆಯಿರಿ.